ಪುಲ್-ಅಪ್ ರೆಸಿಸ್ಟರ್ ಎಷ್ಟಿರಬೇಕು? ಐಟುಸಿ ತಂತಿಯ ಲೆಕ್ಕಾಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಕೃಷಿಕರಿಗೆ ಮಳೆ ಪೂರ್ತಿ ಬಿಡುವ ಮೊದಲು ಸಿಗುವ ಮೊದಲ ಕೊಯ್ಲನ್ನು ಒಣಗಿಸುವುದೇ ದೊಡ್ಡ ಚಿಂತೆ. ಬಿಸಿಲು ನಂಬಿ ಅಂಗಳದಲ್ಲಿ ಹರವುವಂತಿಲ್ಲ. ಅದಕ್ಕಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಣಗಿಸುವ ಗೂಡುಗಳನ್ನು ಮಾಡಿಕೊಳ್ಳುತ್ತಾರೆ. ಗೂಡಿನ ಒಳಗಿನ ತೇವಾಂಶ ಎಷ್ಟಿದೆ, ಫ್ಯಾನ್ ಯಾವಾಗ ಹಾಕಬೇಕು ಎಂದು ತಿಳಿಯಲು ಒಂದು ಪುಟ್ಟ ಪೆಟ್ಟಿಗೆ ಮತ್ತು ಎರಡು ಸೆನ್ಸರ್ ಸಾಕು. ಮೂಡುಬಿದಿರೆಯ ಮಿಜಾರು, ಬೆಳ್ತಂಗಡಿಯ ಉಜಿರೆ ಮುಂತಾದ ಕಡೆ ಎಂಜಿನಿಯರಿಂಗ್ ಕಾಲೇಜುಗಳಿರುವ ಈ ಸೀಮೆಯಲ್ಲಿ, ಮನೆಯ ಮಗನೋ ಮಗಳೋ ಎಲೆಕ್ಟ್ರಾನಿಕ್ಸ್ ಓದುತ್ತಿದ್ದರೆ ಇಂಥ ಪೆಟ್ಟಿಗೆ ಮನೆಯಲ್ಲೇ ತಯಾರಾಗುತ್ತದೆ.

ಅದು ಟೇಬಲ್ ಮೇಲೆ ಚೆನ್ನಾಗಿ ಓಡುತ್ತದೆ. ಗೂಡಿಗೆ ಒಯ್ದು ಮೂರು ಮೀಟರ್ ಕೇಬಲ್ ಎಳೆದು ಕಟ್ಟಿದ ಮೇಲೆ ತೊಂದರೆ ಶುರುವಾಗುತ್ತದೆ. ಒಂದು ಸೆನ್ಸರ್ ಕಾಣುವುದಿಲ್ಲ, ಓದು ನಡುನಡುವೆ ನಿಲ್ಲುತ್ತದೆ, ಕೆಲವೊಮ್ಮೆ ತೇವಾಂಶದ ಬದಲು ಅರ್ಥವಿಲ್ಲದ ಅಂಕಿ ಬರುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ಹೊಸದು ತರಿಸುವವರೇ ಹೆಚ್ಚು. ಆದರೆ ಇಂಥ ಕಡೆ ಮೊದಲು ನೋಡಬೇಕಾದದ್ದು ಸೆನ್ಸರನ್ನಲ್ಲ, ಎರಡು ಸಿಗ್ನಲ್ ತಂತಿಗಳ ಪುಲ್-ಅಪ್ ರೆಸಿಸ್ಟರ್ ಬೆಲೆಯನ್ನು. "4.7 ಕಿಲೋಓಮ್ ಹಾಕಿಬಿಡಿ" ಎಂಬ ಬಾಯಿಮಾತು ಎಲ್ಲೆಡೆ ಓಡಾಡುತ್ತದೆ. ಅದು ಕೆಲವು ಕಡೆ ಸರಿ, ಕೆಲವು ಕಡೆ ತಪ್ಪು. ಎಲ್ಲಿ ಸರಿ ಎಂದು ಹೇಳುವ ಲೆಕ್ಕ ಎರಡೇ ಸಾಲಿನದು.

ಈ ಸೆನ್ಸರ್‌ಗಳೆಲ್ಲ ಮಾತಾಡುವುದು ಐಟುಸಿ ಎಂಬ ಬಸ್ ಮೂಲಕ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ್ದು ಇದು; ಇದರ ನಿಯಮಪುಸ್ತಕವನ್ನು ಈಗ ಎನ್‌ಎಕ್ಸ್‌ಪಿ ಕಂಪನಿ ಹೊರತರುತ್ತದೆ. ಎಸ್‌ಡಿಎ ತಂತಿಯಲ್ಲಿ ಮಾಹಿತಿ, ಎಸ್‌ಸಿಎಲ್ ತಂತಿಯಲ್ಲಿ ತಾಳ. ಎರಡೂ ಓಪನ್-ಡ್ರೇನ್ ರೀತಿಯವು. ಎಂದರೆ ಬಸ್ಸಿಗೆ ಕೂಡಿಕೊಂಡ ಯಾವ ಚಿಪ್ಪೂ ತಂತಿಯನ್ನು ಮೇಲಕ್ಕೆ ಎತ್ತುವುದಿಲ್ಲ. ಬೇಕಾದಾಗ ಗ್ರೌಂಡಿಗೆ ಎಳೆಯುತ್ತದೆ, ಬೇಡವಾದಾಗ ಸುಮ್ಮನೆ ಕೈಬಿಡುತ್ತದೆ. ಕೈಬಿಟ್ಟ ತಂತಿಯನ್ನು 3.3 ವೋಲ್ಟಿಗೆ ಏರಿಸುವ ಕೆಲಸ ಪೂರ್ತಿ ರೆಸಿಸ್ಟರಿನದು.

ತಂತಿಗೆ, ಚಿಪ್ಪಿನ ಕಾಲುಗಳಿಗೆ, ಬೋರ್ಡಿನ ಗೆರೆಗಳಿಗೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೆಪ್ಯಾಸಿಟೆನ್ಸ್ ಇದ್ದೇ ಇರುತ್ತದೆ. ಆ ಎಲ್ಲ ಕೆಪ್ಯಾಸಿಟೆನ್ಸನ್ನು ರೆಸಿಸ್ಟರ್ ಮೂಲಕ ತುಂಬಿಸಿದ ಮೇಲೆಯೇ ವೋಲ್ಟೇಜ್ ಏರುವುದು. ರೆಸಿಸ್ಟರ್ ದೊಡ್ಡದಾದಷ್ಟೂ ಏರಿಕೆ ನಿಧಾನ. ಚಿಕ್ಕದಾದಷ್ಟೂ ಏರಿಕೆ ಚುರುಕು. ಆದರೆ ತಂತಿಯನ್ನು ಕೆಳಗೆ ಎಳೆಯುವ ಚಿಪ್ಪಿನ ಮೇಲೆ ಹೊರೆ ಹೆಚ್ಚು. ಹಾಗಾಗಿ ಸರಿಯಾದ ಬೆಲೆ ಒಂದು ಮೇಲ್ಮಿತಿ ಮತ್ತು ಒಂದು ಕೆಳಮಿತಿಯ ನಡುವೆ ಎಲ್ಲಾದರೂ ಇರುತ್ತದೆ. ಈ ಎರಡು ಮಿತಿಗಳನ್ನು ಕಂಡುಹಿಡಿಯುವುದೇ ನಮ್ಮ ಕೆಲಸ:

```
Rmin = (VDD - 0.4) / 0.003
Rmax = tr / (0.8473 * Cb)
```

ಕೆಳಮಿತಿಯ ಲೆಕ್ಕ ಸುಲಭ. ಸಾಮಾನ್ಯ ಐಟುಸಿ ಚಿಪ್ ಒಂದು 3 ಮಿಲಿಆಂಪಿಯರ್ ಕರೆಂಟನ್ನು ಗ್ರೌಂಡಿಗೆ ಇಳಿಸುವಾಗಲೂ ತಂತಿಯ ವೋಲ್ಟೇಜನ್ನು 0.4ಕ್ಕಿಂತ ಕೆಳಗಿಡಬೇಕು ಎಂದು ನಿಯಮ ಹೇಳುತ್ತದೆ. ಅದಕ್ಕಿಂತ ಹೆಚ್ಚು ಕರೆಂಟಿಗೆ ಭರವಸೆ ಇಲ್ಲ. 3.3 ವೋಲ್ಟ್ ಸರ್ಕ್ಯೂಟಿನಲ್ಲಿ 2.9 ವೋಲ್ಟನ್ನು 3 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 967 ಓಮ್ ಬರುತ್ತದೆ. 5 ವೋಲ್ಟಿನಲ್ಲಾದರೆ 1,533 ಓಮ್. ಇದಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ತಕ್ಷಣ ಏನೂ ಸುಡುವುದಿಲ್ಲ, ಆದರೆ ಕೆಳಗಿಳಿಯಬೇಕಾದ ವೋಲ್ಟೇಜ್ ಪೂರ್ತಿ ಇಳಿಯದೆ ಅರ್ಧದಲ್ಲಿ ನಿಲ್ಲತೊಡಗುತ್ತದೆ, ದುರ್ಬಲ ಚಿಪ್ಪಿನ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ಮೇಲ್ಮಿತಿಯ ಸೂತ್ರದಲ್ಲಿ `tr` ಎಂದರೆ ಏರಿಕೆಗೆ ನಿಯಮ ಕೊಟ್ಟಿರುವ ಗರಿಷ್ಠ ಸಮಯ, `Cb` ಎಂದರೆ ಬಸ್ಸಿನ ಒಟ್ಟು ಕೆಪ್ಯಾಸಿಟೆನ್ಸ್. ಬಸ್ 100 ಕಿಲೋಹರ್ಟ್ಸ್‌ನಲ್ಲಿ ಓಡುವಾಗ ಏರಿಕೆಗೆ 1,000 ನ್ಯಾನೋಸೆಕೆಂಡ್ ಇದೆ. 400 ಕಿಲೋಹರ್ಟ್ಸ್‌ನಲ್ಲಿ 300 ಮಾತ್ರ. 0.8473 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಏರಿಕೆಯನ್ನು ಸೊನ್ನೆಯಿಂದ ತುದಿಯವರೆಗೆ ಅಳೆಯುವುದಿಲ್ಲ, ಸಪ್ಲೈ ವೋಲ್ಟೇಜಿನ ಶೇ 30ರಿಂದ ಶೇ 70ರವರೆಗೆ ಅಳೆಯುತ್ತಾರೆ. ಶೇ 30ರ ಕೆಳಗಿದ್ದರೆ ಚಿಪ್ ಅದನ್ನು ಸೊನ್ನೆ ಎಂದೂ ಶೇ 70ರ ಮೇಲಿದ್ದರೆ ಒಂದು ಎಂದೂ ಓದುತ್ತದೆ. ರೆಸಿಸ್ಟರ್ ಮೂಲಕ ಕೆಪ್ಯಾಸಿಟರ್ ತುಂಬುವಾಗ ಈ ನಡುವಿನ ದೂರ ದಾಟಲು ಹಿಡಿಯುವ ಸಮಯ 7/3ರ ಸ್ವಾಭಾವಿಕ ಲಾಗರಿದಮ್ ಗುಣಿಸು ಆರ್‌ಸಿ. ಆ ಲಾಗರಿದಮ್ಮೇ 0.8473.

ಈಗ ಗೂಡಿನ ಪೆಟ್ಟಿಗೆಯನ್ನೇ ಬಿಚ್ಚಿ ನೋಡೋಣ. ಒಳಗೆ ಒಂದು ಇಎಸ್‌ಪಿ32 ಬೋರ್ಡ್, ಒಂದು ಪುಟ್ಟ ಓಎಲ್‌ಇಡಿ ಡಿಸ್‌ಪ್ಲೇ, ಸಮಯ ಹೇಳುವ ಡಿಎಸ್3231 ಮಾಡ್ಯೂಲ್ ಇವೆ ಎಂದುಕೊಳ್ಳಿ. ಗೂಡಿನ ಕೆಳಗೊಂದು, ಮೇಲೊಂದು ಎಸ್‌ಎಚ್‌ಟಿ31 ತೇವಾಂಶ ಸೆನ್ಸರ್. ಒಂದರ ವಿಳಾಸ `0x44`, ಇನ್ನೊಂದರದ್ದು `0x45`. ಇವೆರಡಕ್ಕೂ ಸೇರಿ ಎಳೆದ ಕೇಬಲ್ ಒಟ್ಟು ಮೂರು ಮೀಟರ್. ಎಲ್ಲವೂ 3.3 ವೋಲ್ಟಿನಲ್ಲಿ.

ಹೊಸ ರೆಸಿಸ್ಟರ್ ಎಷ್ಟು ಹಾಕಲಿ ಎಂದು ಕೇಳುವ ಮೊದಲು, ಈಗಾಗಲೇ ಎಷ್ಟು ಕೂತಿದೆ ಎಂದು ಎಣಿಸಬೇಕು. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಇದೇ ಮುಖ್ಯವಾದದ್ದು. ಅಂಗಡಿಯಲ್ಲಿ ಸಿಗುವ ರೆಡಿ ಮಾಡ್ಯೂಲುಗಳ ಮೇಲೆ ಪುಲ್-ಅಪ್ ರೆಸಿಸ್ಟರ್ ಅಂಟಿಸಿಯೇ ಕೊಟ್ಟಿರುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕದಾದ ಕಪ್ಪು ತುಣುಕನ್ನು ಭೂತಗನ್ನಡಿಯಲ್ಲಿ ನೋಡಿದರೆ 472 ಎಂದೋ 103 ಎಂದೋ ಬರೆದಿರುತ್ತದೆ. ಕೊನೆಯ ಅಂಕಿ ಎಷ್ಟು ಸೊನ್ನೆ ಸೇರಿಸಬೇಕು ಎಂದು ಹೇಳುತ್ತದೆ: 472 ಎಂದರೆ 4,700 ಓಮ್, 103 ಎಂದರೆ 10,000. ಸಾಮಾನ್ಯವಾಗಿ ಸಿಗುವ ಡಿಎಸ್3231 ಮಾಡ್ಯೂಲಿನಲ್ಲಿ 472 ಎಂದು ಬರೆದ, ಎರಡೂ ಬದಿಗೆ ಕಾಲುಗಳಿರುವ ರೆಸಿಸ್ಟರ್ ಗುಂಪು ಇರುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಡಿಸ್‌ಪ್ಲೇಗೆ 4.7 ಕಿಲೋಓಮ್, ಡಿಎಸ್3231ಗೆ 4.7, ಎರಡು ಸೆನ್ಸರ್‌ಗಳಿಗೆ ತಲಾ 10 ಇದೆ ಎನ್ನೋಣ. ಎಲ್ಲವೂ ಒಂದೇ ತಂತಿಗೆ ಸೇರುವುದರಿಂದ ಪ್ಯಾರಲಲ್ ಲೆಕ್ಕ. ಒಟ್ಟು ಬೆಲೆ ಸುಮಾರು 1,600 ಓಮ್. ನಾವು ಒಂದು ರೆಸಿಸ್ಟರನ್ನೂ ಹಾಕಿಲ್ಲ, ಆದರೂ 1.6 ಕಿಲೋಓಮ್ ಆಗಲೇ ಇದೆ.

ಇದನ್ನು ಕಾಗದದ ಮೇಲೆ ನಂಬದೆ ಅಳೆದೇ ನೋಡಬೇಕು. ಪವರ್ ತೆಗೆದು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು 3.3 ವೋಲ್ಟ್ ತಂತಿಗೂ ಇನ್ನೊಂದನ್ನು ಎಸ್‌ಡಿಎಗೂ ಇಟ್ಟರೆ ಒಟ್ಟು ಬೆಲೆ ಕಾಣುತ್ತದೆ. ಚಿಪ್ಪಿನೊಳಗಿನ ಡಯೋಡುಗಳು ಕೆಲವೊಮ್ಮೆ ಓದನ್ನು ಕೆಡಿಸುತ್ತವೆ, ಹಾಗಾಗಿ ಕಡ್ಡಿ ಅದಲುಬದಲು ಮಾಡಿ ಇನ್ನೊಮ್ಮೆ ಅಳೆಯಬೇಕು. ಎರಡು ಓದುಗಳು ತಾಳೆಯಾಗದಿದ್ದರೆ ಇನ್ನೊಂದು ದಾರಿ ಇದೆ. ಪವರ್ ಕೊಟ್ಟು, ಇಎಸ್‌ಪಿ32ರ `EN` ಬಟನ್ ಒತ್ತಿಹಿಡಿದು, ಮೀಟರನ್ನು ಮಿಲಿಆಂಪಿಯರ್‌ಗೆ ತಿರುಗಿಸಿ ಎಸ್‌ಡಿಎ ಮತ್ತು ಗ್ರೌಂಡಿನ ನಡುವೆ ಇಡಿ. ಸುಮಾರು 2.06 ಮಿಲಿಆಂಪಿಯರ್ ತೋರಿಸಿದರೆ 3.3ನ್ನು ಅದರಿಂದ ಭಾಗಿಸಿ: 1.6 ಕಿಲೋಓಮ್. ಎಸ್‌ಸಿಎಲ್‌ಗೂ ಹೀಗೇ ಮಾಡಬೇಕು. ತಪ್ಪಿಯೂ 3.3 ವೋಲ್ಟ್ ತಂತಿಯನ್ನು ಈ ರೀತಿ ಮುಟ್ಟಬಾರದು. ಮೀಟರಿನ ಫ್ಯೂಸ್ ಹೋಗುತ್ತದೆ.

ಇದೇ ಹೊತ್ತಿಗೆ ಇನ್ನೊಂದನ್ನೂ ನೋಡಿಕೊಳ್ಳಿ. ಮಾಡ್ಯೂಲಿನ ಪುಲ್-ಅಪ್ ಆ ಮಾಡ್ಯೂಲಿಗೆ ಕೊಟ್ಟ ಸಪ್ಲೈಗೇ ಸೇರಿರುತ್ತದೆ. ಡಿಎಸ್3231ಗೆ ಅಥವಾ ಎಲ್‌ಸಿಡಿಗೆ 5 ವೋಲ್ಟ್ ಕೊಟ್ಟರೆ ಬಸ್ಸಿನ ತಂತಿಯೂ ಆ ಕಡೆಗೆ ಎಳೆಯಲ್ಪಡುತ್ತದೆ. ಇಎಸ್‌ಪಿ32ರ ಕಾಲುಗಳು 3.3 ವೋಲ್ಟಿನವು, 5 ವೋಲ್ಟ್ ತಡೆಯುವಂಥವಲ್ಲ.

ಇನ್ನು ಕೆಪ್ಯಾಸಿಟೆನ್ಸ್ ಅಂದಾಜು. ಒಂದೊಂದು ಚಿಪ್ಪಿನ ಕಾಲಿಗೆ ಗರಿಷ್ಠ 10 ಪಿಕೊಫ್ಯಾರಡ್ ಎಂದು ಹಿಡಿಯುವುದು ರೂಢಿ. ನಮ್ಮಲ್ಲಿ ಇಎಸ್‌ಪಿ32, ಡಿಸ್‌ಪ್ಲೇ, ಡಿಎಸ್3231, ಅದೇ ಮಾಡ್ಯೂಲಿನ ಮೇಲೆ ಕೂತಿರುವ ಮೆಮೊರಿ ಚಿಪ್, ಎರಡು ಸೆನ್ಸರ್ ಸೇರಿ ಆರು: 60 ಪಿಕೊಫ್ಯಾರಡ್. ಬೋರ್ಡಿನ ಗೆರೆ, ಕನೆಕ್ಟರ್, ಜಂಪರ್ ವೈರುಗಳಿಗೆ ಇನ್ನೊಂದು 20. ಕೇಬಲ್ ಮೀಟರಿಗೆ ಸುಮಾರು 60 ಎಂದರೆ ಮೂರು ಮೀಟರಿಗೆ 180. ಒಟ್ಟು 260 ಪಿಕೊಫ್ಯಾರಡ್. ನಿಯಮದ ಪ್ರಕಾರ ಈ ಬಸ್ ಹೊರಬಹುದಾದದ್ದು 400. ಅದರ ಒಳಗೇ ಇದ್ದೇವೆ. ಈ ಮೊತ್ತದಲ್ಲಿ ಮೂರನೇ ಎರಡು ಪಾಲು ಕೇಬಲಿನದೇ ಎಂಬುದನ್ನು ಗಮನಿಸಿ. ಸೆನ್ಸರ್ ಎಷ್ಟಿವೆ ಎನ್ನುವುದಕ್ಕಿಂತ ತಂತಿ ಎಷ್ಟು ಉದ್ದ ಎನ್ನುವುದೇ ಇಲ್ಲಿ ನಿರ್ಣಾಯಕ.

100 ಕಿಲೋಹರ್ಟ್ಸ್‌ಗೆ ಮೇಲ್ಮಿತಿ ಲೆಕ್ಕ ಹಾಕಿದರೆ 4,539 ಓಮ್. ಬಾಯಿಮಾತಿನ 4.7 ಕಿಲೋಓಮ್ ಇಲ್ಲಿ ಆಗಲೇ ಸ್ವಲ್ಪ ಹೊರಗಿದೆ. 10 ಕಿಲೋಓಮ್ ಒಂದನ್ನೇ ನಂಬಿದರೆ ಏರಿಕೆಗೆ 2,200 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಆದರೆ ನಮ್ಮಲ್ಲಿ 1.6 ಕಿಲೋಓಮ್ ಇರುವುದರಿಂದ ಏರಿಕೆ 352 ನ್ಯಾನೋಸೆಕೆಂಡ್. ಸಾವಿರದ ಮಿತಿಗೆ ಹೋಲಿಸಿದರೆ ಧಾರಾಳ. ಏನನ್ನೂ ಹಾಕಬೇಕಿಲ್ಲ.

400 ಕಿಲೋಹರ್ಟ್ಸ್‌ಗೆ ಹೋದರೆ ಕತೆ ಬೇರೆ. ಮೇಲ್ಮಿತಿ 1,362 ಓಮ್, ಕೆಳಮಿತಿ 967. ಇರುವ 1.6 ಕಿಲೋಓಮ್ ಮೇಲ್ಮಿತಿ ದಾಟಿದೆ. ಇದಕ್ಕೆ 2.2 ಕಿಲೋಓಮ್ ಸೇರಿಸಿದರೆ ಒಟ್ಟು 926 ಆಗಿ ಕೆಳಮಿತಿಯ ಕೆಳಗೆ ಬೀಳುತ್ತದೆ. 4.7 ಕಿಲೋಓಮ್ ಸೇರಿಸಿದರೆ 1,193; ಏರಿಕೆ 263 ನ್ಯಾನೋಸೆಕೆಂಡ್. ಎರಡು ಮಿತಿಗಳ ನಡುವೆ ಕೂತಿತು. ನೋಡಿ, 4.7 ಕಿಲೋಓಮ್ ಹಾಕಿ ಎಂಬ ಮಾತು ಇಲ್ಲಿ ನಿಜವಾಯಿತು, ಆದರೆ ಹಾಕಿದವರು ಅಂದುಕೊಂಡ ಕಾರಣಕ್ಕಲ್ಲ. ತಂತಿಯ ಮೇಲೆ ಈಗ ನಿಜವಾಗಿ ಇರುವುದು 1.2 ಕಿಲೋಓಮ್. ಡಿಸ್‌ಪ್ಲೇ ಕಳಚಿ ಬೇರೆ ಕಡೆ ಒಯ್ದರೆ ಅದರ ರೆಸಿಸ್ಟರೂ ಹೋಗುತ್ತದೆ, ಲೆಕ್ಕ ಮತ್ತೆ ತಪ್ಪುತ್ತದೆ.

ನಾನಾದರೆ ಇಲ್ಲಿ ರೆಸಿಸ್ಟರ್ ಸೇರಿಸುವುದಿಲ್ಲ, ವೇಗ ಇಳಿಸುತ್ತೇನೆ. ಗೂಡಿನ ತೇವಾಂಶ ನಿಮಿಷಕ್ಕೊಮ್ಮೆ ಓದಿದರೆ ಸಾಕು; 400 ಕಿಲೋಹರ್ಟ್ಸ್‌ನಿಂದ ಆಗುವ ಲಾಭ ಡಿಸ್‌ಪ್ಲೇ ತುಸು ಬೇಗ ತುಂಬುವುದಷ್ಟೇ. ಡಿಸ್‌ಪ್ಲೇಯ ಲೈಬ್ರರಿಗಳು ಕೆಲವೊಮ್ಮೆ ಹೇಳದೆಯೇ ವೇಗ ಏರಿಸುತ್ತವೆ, ಆದ್ದರಿಂದ ಎಲ್ಲ ಲೈಬ್ರರಿಗಳನ್ನು ಶುರುಮಾಡಿದ ಬಳಿಕ ಕೊನೆಯಲ್ಲಿ ವೇಗವನ್ನು ಬರೆಯಬೇಕು; ಡಿಸ್‌ಪ್ಲೇಗೆ ಬರೆಯುವಾಗಲೆಲ್ಲ ತಾನೇ ವೇಗ ಏರಿಸುವ ಲೈಬ್ರರಿಯಾದರೆ ಅದರೊಳಗಿನ ವೇಗವನ್ನೂ ಇಳಿಸಬೇಕು:

```
Wire.begin(21, 22);
// ಡಿಸ್‌ಪ್ಲೇ, ಸೆನ್ಸರ್ ಎಲ್ಲ begin ಆದ ಮೇಲೆ
Wire.setClock(100000);
```

ಟೇಬಲ್ ಮೇಲೆ ಓಡಿ ಗೂಡಿನಲ್ಲಿ ನಿಲ್ಲುವ ರೋಗಕ್ಕೆ ಇನ್ನೊಂದು ಕಾರಣವೂ ಇದೇ ಲೆಕ್ಕದಿಂದ ತಿಳಿಯುತ್ತದೆ. ರೆಡಿ ಮಾಡ್ಯೂಲ್ ಬಿಟ್ಟು ಬರಿಯ ಚಿಪ್ಪನ್ನು ಸ್ವಂತ ಬೋರ್ಡಿನಲ್ಲಿ ಬೆಸುಗೆ ಹಾಕಿದವರು ಪುಲ್-ಅಪ್ ಮರೆತರೂ ಸರ್ಕ್ಯೂಟ್ ಓಡುವುದುಂಟು. ಏಕೆಂದರೆ ಇಎಸ್‌ಪಿ32ರ ಒಳಗೇ ಸುಮಾರು 45 ಕಿಲೋಓಮ್ ಪುಲ್-ಅಪ್ ಇದೆ. ಕೇಬಲ್ ಇಲ್ಲದ 80 ಪಿಕೊಫ್ಯಾರಡ್‌ಗೆ ಅದರ ಏರಿಕೆ ಸುಮಾರು 3 ಮೈಕ್ರೋಸೆಕೆಂಡ್. ನಿಯಮಕ್ಕಿಂತ ಮೂರು ಪಟ್ಟು ನಿಧಾನ, ಆದರೂ 100 ಕಿಲೋಹರ್ಟ್ಸ್‌ನ ಒಂದು ಬಿಟ್ 10 ಮೈಕ್ರೋಸೆಕೆಂಡ್ ಇರುವುದರಿಂದ ಹೇಗೋ ನಡೆಯುತ್ತದೆ. ಮೂರು ಮೀಟರ್ ಕೇಬಲ್ ಸೇರಿದ ಕೂಡಲೇ ಏರಿಕೆಯೇ 9.9 ಮೈಕ್ರೋಸೆಕೆಂಡ್ ಆಗುತ್ತದೆ. ತಂತಿ ಮೇಲೇರುವ ಹೊತ್ತಿಗೆ ಬಿಟ್ ಮುಗಿದಿರುತ್ತದೆ. ಸ್ಕ್ಯಾನ್ ಮಾಡಿದರೆ ಒಂದು ವಿಳಾಸವೂ ಸಿಗುವುದಿಲ್ಲ.

ಇದರ ತದ್ವಿರುದ್ಧ ತೊಂದರೆ ಮಾಡ್ಯೂಲುಗಳನ್ನು ಸಾಲಾಗಿ ಸೇರಿಸುವವರದು. 4.7 ಕಿಲೋಓಮ್ ಇರುವ ಎಂಟು ಮಾಡ್ಯೂಲ್ ಒಂದೇ ಬಸ್ಸಿಗೆ ಬಂದರೆ ಒಟ್ಟು 588 ಓಮ್, ತಂತಿಯನ್ನು 0.4 ವೋಲ್ಟಿಗೆ ಇಳಿಸಲು ಚಿಪ್ಪು ಸುಮಾರು 4.9 ಮಿಲಿಆಂಪಿಯರ್ ಎಳೆಯಬೇಕು. ಆಗ ಮಾಡಬೇಕಾದ್ದು ರೆಸಿಸ್ಟರ್ ಸೇರಿಸುವುದಲ್ಲ, ಕೀಳುವುದು. ಎರಡು ಮಾಡ್ಯೂಲಿನದನ್ನು ಉಳಿಸಿ ಉಳಿದ ಆರರ 472 ತುಣುಕುಗಳನ್ನು ಸೋಲ್ಡರಿಂಗ್ ಐರನ್ನಿನ ತುದಿಯಿಂದ ಎತ್ತಿಬಿಟ್ಟರೆ 2.35 ಕಿಲೋಓಮ್ ಉಳಿಯುತ್ತದೆ.

ಕೇಬಲ್ ಮೀಟರಿಗೆ 60 ಪಿಕೊಫ್ಯಾರಡ್ ಎಂದದ್ದು ಅಂದಾಜು. ನೆಟ್‌ವರ್ಕ್‌ಗೆ ಬಳಸುವ ಜೋಡಿ ತಿರುಚಿದ ಕೇಬಲ್ ಸುಮಾರು 50 ಇರುತ್ತದೆ. ಜಾಲರಿ ಹೊದಿಕೆಯ ಕೇಬಲ್ ಅದರ ಎರಡು ಪಟ್ಟೂ ಆಗಬಹುದು. ಕಾಲೇಜು ಲ್ಯಾಬಿನ ಆಸಿಲೋಸ್ಕೋಪ್ ಕೈಗೆ ಸಿಗುವುದಾದರೆ ಅಂದಾಜಿನ ಅಗತ್ಯವಿಲ್ಲ. ಪ್ರೋಬಿನ ಸ್ವಿಚ್ಚನ್ನು 10ಎಕ್ಸ್‌ಗೆ ಇಟ್ಟುಕೊಳ್ಳಬೇಕು. 1ಎಕ್ಸ್‌ನಲ್ಲಿ ಪ್ರೋಬೇ ನೂರರ ಹತ್ತಿರ ಪಿಕೊಫ್ಯಾರಡ್ ಸೇರಿಸಿ ನಾವು ಅಳೆಯಬೇಕಾದದ್ದನ್ನೇ ಬದಲಿಸುತ್ತದೆ. ಕೇಬಲಿನ ದೂರದ ತುದಿಯಲ್ಲಿ, ಸೆನ್ಸರಿನ ಎಸ್‌ಡಿಎ ಕಾಲಿಗೆ ಪ್ರೋಬ್ ಹಿಡಿದು ಒಂದು ಏರಿಕೆಯನ್ನು ದೊಡ್ಡದು ಮಾಡಿ. ಒಂದು ಕರ್ಸರ್ 0.99 ವೋಲ್ಟಿನಲ್ಲಿ, ಇನ್ನೊಂದು 2.31 ವೋಲ್ಟಿನಲ್ಲಿ. ನಡುವಿನ ಸಮಯವೇ ಏರಿಕೆ. ರೆಸಿಸ್ಟರ್ ದೊಡ್ಡದಾಗಿದ್ದರೆ ಚೌಕದ ಬದಲು ಬಾಗಿದ ಬೆನ್ನಿನ ಅಲೆ ಕಾಣುತ್ತದೆ, ತುದಿ 3.3 ಮುಟ್ಟುವ ಮೊದಲೇ ಕೆಳಗಿಳಿಯುತ್ತದೆ. ರೆಸಿಸ್ಟರ್ ಚಿಕ್ಕದಾಗಿದ್ದರೆ ಮೇಲ್ಭಾಗ ಚೆನ್ನಾಗಿಯೇ ಕಾಣುತ್ತದೆ, ತಳದ ಗೆರೆ ಮಾತ್ರ ಸೊನ್ನೆಗೆ ಇಳಿಯದೆ 0.4ರ ಮೇಲೆ ತೇಲುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಹೀಗೆ ಅಳೆದಾಗ 352ರ ಬದಲು 500 ನ್ಯಾನೋಸೆಕೆಂಡ್ ಬಂತು ಎನ್ನೋಣ. ಸೂತ್ರವನ್ನು ತಿರುಗಿಸಿ, 500ನ್ನು 0.8473 ಮತ್ತು 1,600ರ ಗುಣಲಬ್ಧದಿಂದ ಭಾಗಿಸಿದರೆ ಕೆಪ್ಯಾಸಿಟೆನ್ಸ್ 369 ಪಿಕೊಫ್ಯಾರಡ್. ಚಿಪ್ ಮತ್ತು ಬೋರ್ಡಿನ 80 ಕಳೆದರೆ ಕೇಬಲಿನದು 289, ಅಂದರೆ ಮೀಟರಿಗೆ 96. ಈಗ 400 ಕಿಲೋಹರ್ಟ್ಸ್‌ನ ಮೇಲ್ಮಿತಿ ಮತ್ತೆ ಲೆಕ್ಕ ಹಾಕಿ: 960 ಓಮ್. ಕೆಳಮಿತಿ 967. ಮೇಲ್ಮಿತಿಯೇ ಕೆಳಮಿತಿಗಿಂತ ಕೆಳಗೆ ಬಂದಿದೆ. ಆ ವೇಗದಲ್ಲಿ ಈ ಕೇಬಲಿಗೆ ಹೊಂದುವ ರೆಸಿಸ್ಟರ್ ಬೆಲೆಯೇ ಇಲ್ಲ. ಯಾವ ಬೆಲೆ ಹಾಕಿ ಪ್ರಯೋಗ ಮಾಡಿದರೂ ಒಂದಲ್ಲ ಒಂದು ನಿಯಮ ಮುರಿಯುತ್ತದೆ. ರೆಸಿಸ್ಟರ್ ಬದಲಿಸಿ ಬದಲಿಸಿ ವಾರ ಕಳೆಯುವ ಬದಲು, ಈ ಒಂದು ಭಾಗಾಕಾರದಿಂದ ವಿಷಯ ತೀರ್ಮಾನವಾಗುತ್ತದೆ. ಅದೇ ಕೇಬಲಿನಲ್ಲಿ 100 ಕಿಲೋಹರ್ಟ್ಸ್‌ಗೆ ಮೇಲ್ಮಿತಿ 3.2 ಕಿಲೋಓಮ್, ಅಲ್ಲಿ ಇರುವ 1.6 ಈಗಲೂ ಆರಾಮ.

ವೇಗ ಬೇಕೇ ಬೇಕು ಎನ್ನುವವರಿಗೆ ದಾರಿಗಳಿವೆ. ಟಿಸಿಎ9548ಎ ಎಂಬ ಚಿಪ್ ಬಸ್ಸನ್ನು ಎಂಟು ಕವಲು ಮಾಡುತ್ತದೆ, ಒಮ್ಮೆಗೆ ಒಂದೇ ಕವಲಿನ ಕೇಬಲ್ ಲೆಕ್ಕಕ್ಕೆ ಬರುತ್ತದೆ. ಕವಲಿಗೊಂದು ಪುಲ್-ಅಪ್ ಬೇಕು ಎಂಬುದು ನೆನಪಿರಲಿ. ಹತ್ತಾರು ಮೀಟರ್ ದೂರದ ತೋಟಕ್ಕೆ ಎಳೆಯುವುದಾದರೆ ಐಟುಸಿಯ ಹಟ ಬಿಟ್ಟು ಆರ್‌ಎಸ್-485 ಸೆನ್ಸರ್ ತರುವುದೇ ಒಳ್ಳೆಯದು. ಐಟುಸಿ ಹುಟ್ಟಿದ್ದು ಒಂದೇ ಬೋರ್ಡಿನ ಮೇಲಿನ ಚಿಪ್ಪುಗಳ ಮಾತುಕತೆಗೆ. ಮೂರು ಮೀಟರಿನೊಳಗೂ ಎಸ್‌ಡಿಎ ಮತ್ತು ಎಸ್‌ಸಿಎಲ್ ಎರಡನ್ನು ಒಂದೇ ಜೋಡಿಯಾಗಿ ತಿರುಚಬಾರದು, ಒಂದರ ಸದ್ದು ಇನ್ನೊಂದಕ್ಕೆ ಹಾಯುತ್ತದೆ. ಎಸ್‌ಡಿಎಯನ್ನು ಗ್ರೌಂಡಿನೊಂದಿಗೆ, ಎಸ್‌ಸಿಎಲ್ಲನ್ನು 3.3 ವೋಲ್ಟಿನೊಂದಿಗೆ ಜೋಡಿ ಮಾಡಬೇಕು.

ಕರಾವಳಿಯ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಮಾತು ಈ ಸೂತ್ರಗಳಲ್ಲಿ ಇಲ್ಲ. ಗೂಡಿನೊಳಗೆ ಹಸಿ ಅಡಿಕೆಯ ಹಬೆ, ಹೊರಗೆ ಜಡಿಮಳೆ. ರಾತ್ರಿ ತಣಿದಾಗ ಕನೆಕ್ಟರಿನ ಪಿನ್ನುಗಳ ನಡುವೆ ನೀರಿನ ಪದರ ಕಟ್ಟುತ್ತದೆ, ಫ್ಲಕ್ಸ್ ಮತ್ತು ಧೂಳು ಅದಕ್ಕೆ ಸೇರಿದರೆ ಕರೆಂಟ್ ಸೋರತೊಡಗುತ್ತದೆ. ಎಸ್‌ಡಿಎ ಮತ್ತು ಗ್ರೌಂಡಿನ ನಡುವೆ 20 ಕಿಲೋಓಮ್‌ನಷ್ಟು ಸೋರಿಕೆ ಆಯಿತು ಎಂದುಕೊಳ್ಳಿ. ಪುಲ್-ಅಪ್ 10 ಕಿಲೋಓಮ್ ಇದ್ದರೆ ತಂತಿ ಏರಿದರೂ 2.2 ವೋಲ್ಟಿಗೆ ನಿಲ್ಲುತ್ತದೆ. ಒಂದು ಎಂದು ಓದಲು ಬೇಕಾದದ್ದು 2.31. ಎಷ್ಟು ಹೊತ್ತು ಕಾದರೂ ಅದು ಮುಟ್ಟುವುದಿಲ್ಲ, ವೇಗ ಇಳಿಸಿದರೂ ಪ್ರಯೋಜನವಿಲ್ಲ. ಪುಲ್-ಅಪ್ 1.6 ಕಿಲೋಓಮ್ ಇದ್ದರೆ ಅದೇ ಸೋರಿಕೆಯಲ್ಲಿ 3.06 ವೋಲ್ಟ್ ಸಿಗುತ್ತದೆ. ಹಾಗಾಗಿ ನಮ್ಮ ಕಡೆ ಹೊರಗೆ ಕಟ್ಟುವ ಸರ್ಕ್ಯೂಟುಗಳಿಗೆ, 100 ಕಿಲೋಹರ್ಟ್ಸ್‌ನಲ್ಲಿ ಓಡಿಸುವಾಗಲೂ, ಮೇಲ್ಮಿತಿಯ ಹತ್ತಿರದ ಬೆಲೆ ಹಿಡಿಯದೆ 1.5ರಿಂದ 2.2 ಕಿಲೋಓಮ್ ನಡುವೆ ಇರಿಸುವುದು ನನ್ನ ಸಲಹೆ. ಬ್ಯಾಟರಿಯಲ್ಲಿ ಓಡುವ ಪೆಟ್ಟಿಗೆಯಾದರೆ ತಂತಿ ಕೆಳಗಿರುವಷ್ಟು ಹೊತ್ತು 2 ಮಿಲಿಆಂಪಿಯರ್ ಖರ್ಚಾಗುತ್ತದೆ; ನಿಮಿಷಕ್ಕೊಮ್ಮೆ ಕೆಲವು ಮಿಲಿಸೆಕೆಂಡ್ ಓದುವ ಬಸ್ಸಿಗೆ ಅದು ಲೆಕ್ಕಕ್ಕೆ ಬರುವ ಖರ್ಚಲ್ಲ.

ಸೋರಿಕೆಯೋ ನಿಧಾನ ಏರಿಕೆಯೋ ಎಂದು ತಿಳಿಯಲು ಸ್ಕೋಪ್ ಕೂಡ ಬೇಡ. ಬಸ್ ಸುಮ್ಮನಿರುವಾಗ, `EN` ಒತ್ತಿಹಿಡಿದು, ಎಸ್‌ಡಿಎ ಮತ್ತು ಗ್ರೌಂಡಿನ ನಡುವೆ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ. 3.3ರ ಹತ್ತಿರ ಇದ್ದರೆ ಸೋರಿಕೆ ಇಲ್ಲ, ತೊಂದರೆ ಕೇಬಲಿನ ಉದ್ದದ್ದೋ ವೇಗದ್ದೋ. ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇದ್ದರೆ ಕನೆಕ್ಟರ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಶ್ಶಿನಿಂದ ಉಜ್ಜಿ, ಒಣಗಿಸಿ ಮತ್ತೆ ಅಳೆಯಿರಿ. ಈ ಅಳತೆಯನ್ನು ಬೇಸಿಗೆಯಲ್ಲಿ ಒಮ್ಮೆ ಮಾಡಿ ಅಂಕಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಟ್ಟರೆ, ಜೂನ್‌ನಲ್ಲಿ ಹೋಲಿಸಲು ಒಂದು ಆಧಾರ ಇರುತ್ತದೆ.